ಊರಿನ ಹೆಸರಿಗೊಂದು ನಿಯಮ

ಬೀದರ, ಭಾಲ್ಕಿ, ಔರಾದಗಳ ಹಲವರು ಕೂಡಿ ಬರೆಯುವಾಗ ಒಬ್ಬರು ‘ಬೀದರ’ ಎನ್ನುತ್ತಾರೆ, ಮತ್ತೊಬ್ಬರು ‘ಬೀದರ್’ ಎನ್ನುತ್ತಾರೆ. ಎರಡೂ ರೂಢಿಯಲ್ಲಿವೆಯಾದರೂ ಒಂದೇ ಬರಹಮಾಲೆಯಲ್ಲಿ ಎರಡೂ ಸಲ್ಲವೆಂದು ನನ್ನ ಮತ.

ವಿಭಕ್ತಿ ಪ್ರತ್ಯಯ ಹತ್ತಿದಾಗ ತೊಡಕು ಗೋಚರಿಸುತ್ತದೆ. ‘ಬೀದರ್’ ಮುಂದೆ ‘ನಲ್ಲಿ’ ಬೆರಳಚ್ಚಿಸುವಾಗ ನಡುವೆ U+200C ಎಂಬ ಕಾಣದ ಸಂಕೇತವನ್ನು ಇಡದಿದ್ದರೆ ಅರ್ಕಾವತ್ತು ಮೂಡಿ ‘ಬೀದರ್ನಲ್ಲಿ’ ಎಂದಾಗುತ್ತದೆ. ಆ ಸಂಕೇತ ಒಬ್ಬರಲ್ಲಿದ್ದು ಇನ್ನೊಬ್ಬರಲ್ಲಿಲ್ಲದಿದ್ದರೆ, ಹುಡುಕುವಾಗ ಅರ್ಧ ಲೇಖನಗಳು ಕೈತಪ್ಪಬಹುದು. ಆದ್ದರಿಂದ ‘ಬೀದರ’, ‘ಬೀದರದಲ್ಲಿ’, ‘ಔರಾದ’, ‘ಔರಾದದಲ್ಲಿ’, ‘ಭಾಲ್ಕಿ’, ‘ಭಾಲ್ಕಿಯಲ್ಲಿ’ ಎಂದು ಮೊದಲೇ ಪಟ್ಟಿ ಮಾಡಿ ಎಲ್ಲರಿಗೂ ಕೊಡುವುದು ಲೇಸು.

ಆದರೆ ಈ ನಿಯಮ ಲೇಖಕರ ನಿರೂಪಣೆಗಷ್ಟೇ ಸಲ್ಲತಕ್ಕದ್ದು. ಮರಾಠಿ ಬೆರೆತ ಔರಾದದ ಅಜ್ಜಿಯ ಮಾತನ್ನು ಉದ್ಧರಿಸುವಾಗ ಅದನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಿದರೆ, ಉಳಿಯುವುದು ಸಂಪಾದಕರ ದನಿಯೇ ಹೊರತು ಅಜ್ಜಿಯದಲ್ಲ.