ಹತ್ತು ಜನರ ಕೆಲಸಕ್ಕೆ ಹದಿನಾಲ್ಕು ಜನ ಯಾಕೆ?

ಊರಿಗೆ ಹೋದಾಗಲೆಲ್ಲ ‘ದುಬೈನಲ್ಲಿ ನಿನಗೆ ಏನು ಕೆಲಸ?’ ಎಂದು ಕೇಳುತ್ತಾರೆ. ಕಾಲ್ ಸೆಂಟರ್ ಎಂದು ಹೇಳಿ ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ ನಾನು ಫೋನ್ ಎತ್ತುವವನಲ್ಲ. ಯಾವ ಅರ್ಧ ಗಂಟೆಯಲ್ಲಿ ಎಷ್ಟು ಜನ ಫೋನ್ ಎತ್ತಲು ಕೂತಿರಬೇಕು ಎಂದು ಲೆಕ್ಕ ಹಾಕುವವನು. ಈ ಸಲದ ಅಂಕಣದಲ್ಲಿ ಆ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ.

ಬೆಳಿಗ್ಗೆ 11ರಿಂದ 11.30ರವರೆಗೆ 100 ಕರೆ ಬರುತ್ತವೆ ಎಂದುಕೊಳ್ಳಿ. ಮಾತು ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಬರೆದಿಡುವ ಸಮಯವೂ ಸೇರಿ ಒಂದೊಂದಕ್ಕೆ 3 ನಿಮಿಷ ಬೇಕು. ಒಟ್ಟು 300 ನಿಮಿಷದ ಕೆಲಸ. ಒಬ್ಬರ ಬಳಿ ಇರುವುದು 30 ನಿಮಿಷ. ಭಾಗಿಸಿದರೆ ಹತ್ತು. ‘ಹಾಗಾದರೆ ಹತ್ತು ಜನ ಸಾಕಲ್ಲ?’ ಎಂದು ಮ್ಯಾನೇಜರ್ ಕೇಳುವುದು ಇಲ್ಲಿಯೇ.

ಸಾಲದು. ಕರೆಗಳು ಸರದಿಯಲ್ಲಿ ಬರುವುದಿಲ್ಲ. ಒಂದು ನಿಮಿಷ ಒಂದೂ ಇಲ್ಲ, ಮರುನಿಮಿಷ ಏಳು ಒಟ್ಟಿಗೆ. ಸುಮ್ಮನೆ ಕೂತ ನಿಮಿಷವನ್ನು ಡಬ್ಬಿಯಲ್ಲಿ ತುಂಬಿಟ್ಟು ಆಮೇಲೆ ಬಳಸುವಂತಿಲ್ಲ. ಹಾಗಾಗಿ ಹತ್ತೇ ಜನ ಇದ್ದರೆ ಒಮ್ಮೆ ಹಿಂದೆ ಬಿದ್ದ ಸಾಲು ಕರಗುವುದೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ.

ಇದಕ್ಕೆ ಸೂತ್ರ ಕೊಟ್ಟವನು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್. 1917ರಲ್ಲಿ ಅವನು ಪ್ರಕಟಿಸಿದ ಲೆಕ್ಕವೇ ‘ಎರ್ಲಾಂಗ್ ಸಿ’ ಎಂಬ ಹೆಸರಿನಲ್ಲಿ ಇಂದಿಗೂ ನಮ್ಮ ಎಕ್ಸೆಲ್ ಹಾಳೆಗಳಲ್ಲಿದೆ. ಒಬ್ಬ ಗ್ರಾಹಕ ಕಾಯಬೇಕಾಗಿ ಬರುವ ಸಂಭವ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಅಲ್ಲಿಂದ ಮುಂದಿನದು ಸುಲಭ:

ಸರಾಸರಿ ಕಾಯುವಿಕೆ = Pw × T / (N − A)

Pw ಎಂದರೆ ಆ ಸಂಭವ, T ಒಂದು ಕರೆಗೆ ಹಿಡಿಯುವ ಸಮಯ, N ಕೂತಿರುವ ಜನ, A ನಾವು ಮೇಲೆ ಕಂಡ ಹತ್ತು. ನಮ್ಮ ಅರ್ಧ ಗಂಟೆಗೆ ಉತ್ತರ ಹೀಗೆ ಬರುತ್ತದೆ: 11 ಜನ ಇದ್ದರೆ ಸರಾಸರಿ ಕಾಯುವಿಕೆ ಸುಮಾರು 2 ನಿಮಿಷ, 12 ಜನ ಇದ್ದರೆ 40 ಸೆಕೆಂಡು, 13ಕ್ಕೆ 17, 14ಕ್ಕೆ 8. ನೂರರಲ್ಲಿ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು ಎಂಬುದು ನಮ್ಮ ವೃತ್ತಿಯಲ್ಲಿ ಬಹಳ ಕಡೆ ಇರುವ ಗುರಿ. 13 ಜನ ಇದ್ದರೆ ಅದು ಕೂದಲೆಳೆಯಲ್ಲಿ ತಪ್ಪುತ್ತದೆ. 14 ಜನ ಇದ್ದರೆ 89 ಆಗುತ್ತದೆ. ಅದಕ್ಕೇ ಹದಿನಾಲ್ಕು.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ಒಂದೇ. ಹದಿನಾಲ್ಕರಲ್ಲಿ ಒಬ್ಬ ರಜೆ ಹಾಕಿದರೆ ಗ್ರಾಹಕ 9 ಸೆಕೆಂಡು ಹೆಚ್ಚು ಕಾಯುತ್ತಾನೆ. ಹನ್ನೆರಡರಲ್ಲಿ ಒಬ್ಬ ರಜೆ ಹಾಕಿದರೆ 80 ಸೆಕೆಂಡಿಗೂ ಹೆಚ್ಚು. ಒಬ್ಬನೇ ಮನುಷ್ಯ, ಆದರೆ ಅವನ ಗೈರುಹಾಜರಿಯ ತೂಕ ಬೇರೆ ಬೇರೆ.

ಒಂದು ದಿನ ನಮ್ಮ ಹುಡುಗನೊಬ್ಬ ಬಂದು, ‘ಸಾರ್, ಅಮ್ಮ ಮೊದಲ ಸಲ ವಿಮಾನ ಹತ್ತಿ ಬರ್ತಿದ್ದಾರೆ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. 11 ಗಂಟೆಗೆ ಏರ್‌ಪೋರ್ಟಿಗೆ ಹೋಗ್ಬೇಕು’ ಎಂದ. ಅವತ್ತು ಜನ ಕಡಿಮೆ ಎಂದು ಸೂಪರ್‌ವೈಸರ್ ಆಗಲೇ ಇಲ್ಲ ಎಂದಿದ್ದರು. ಇಡೀ ದಿನದ ಲೆಕ್ಕ ನೋಡಿದರೆ ಅವರ ಮಾತು ಸರಿ. ಅರ್ಧರ್ಧ ಗಂಟೆ ಬಿಡಿಸಿ ನೋಡಿದೆ. 11ರಿಂದ 12ರವರೆಗೆ ಮಾತ್ರ ಬಿಗಿ. 12ರ ನಂತರ ಅರ್ಧ ಗಂಟೆಗೆ 60 ಕರೆ. 9 ಜನ ಸಾಕು, ಇದ್ದವರು 11. ಹನ್ನೊಂದೂವರೆಯ ಊಟದ ಪಾಳಿಯಲ್ಲಿದ್ದ ಒಬ್ಬರನ್ನು 12ಕ್ಕೆ ದೂಡಿದೆ. ಮೊದಲ ಅರ್ಧ ಗಂಟೆಗೆ ತರಬೇತಿ ಕೊಡುವವರೊಬ್ಬರು ಹೆಡ್‌ಸೆಟ್ ಹಾಕಿಕೊಂಡರು. ಹುಡುಗ ಹೋದ.

ಸೂತ್ರಕ್ಕೂ ಮಿತಿಯಿದೆ. ಕಾದು ಬೇಸತ್ತು ಯಾರೂ ಫೋನ್ ಇಡುವುದಿಲ್ಲ ಎಂದು ಅದು ನಂಬಿದೆ. ಆದ್ದರಿಂದ ಜನ ಕಡಿಮೆ ಇದ್ದಾಗ ಅದು ಹೇಳುವಷ್ಟು ಉದ್ದದ ಸಾಲು ನಿಜದಲ್ಲಿ ಕಾಣುವುದಿಲ್ಲ. ಕಾಯುವಿಕೆ ಪರವಾಗಿಲ್ಲ ಎಂದು ಹಿಗ್ಗಬೇಡಿ. ಪಕ್ಕದ ಕಾಲಮ್ಮಿನಲ್ಲಿ ಎಷ್ಟು ಜನ ಫೋನ್ ಇಟ್ಟರು ಎಂದು ನೋಡಿ. ಇನ್ನೊಂದು, ಅರ್ಧ ಗಂಟೆಯುದ್ದಕ್ಕೂ ಕರೆಗಳ ವೇಗ ಒಂದೇ ಎಂದೂ ಅದು ನಂಬಿದೆ. ರಂಜಾನ್ ತಿಂಗಳಲ್ಲಿ ಇದು ಕೈಕೊಡುತ್ತದೆ. ಇಫ್ತಾರ್ 6.20ಕ್ಕಿದ್ದರೆ ಅದಕ್ಕೆ ಮುಂಚಿನ ಇಪ್ಪತ್ತು ನಿಮಿಷ ಕರೆ ಬರುತ್ತಲೇ ಇರುತ್ತವೆ, ಆಮೇಲಿನ ಹತ್ತು ನಿಮಿಷ ನಿಶ್ಶಬ್ದ. ಎರಡರ ಸರಾಸರಿ ಎರಡಕ್ಕೂ ಸುಳ್ಳು. ಇಫ್ತಾರ್ ಹೊತ್ತು ದಿನದಿಂದ ದಿನಕ್ಕೆ ಸರಿಯುವುದರಿಂದ, ಆ ಒಂದು ಅರ್ಧ ಗಂಟೆಯನ್ನು ನಾನು ಎರಡು ತುಂಡು ಮಾಡಿ ಲೆಕ್ಕ ಹಾಕುತ್ತೇನೆ.

ಕೊನೆಯದಾಗಿ, ಹದಿನಾಲ್ಕು ಎಂದರೆ ಕುರ್ಚಿಯಲ್ಲಿ ಕೂತವರ ಸಂಖ್ಯೆ. ನಮಾಜು, ಚಹಾ, ತರಬೇತಿ, ವಾರ್ಷಿಕ ರಜೆ ಸೇರಿ ನೂರಕ್ಕೆ 30ರಷ್ಟು ಹೊತ್ತು ಹೋಗುವ ಕಡೆ 14ನ್ನು 0.7ರಿಂದ ಭಾಗಿಸಬೇಕು. ಉತ್ತರ 20. ಆ ಆರು ಜನರನ್ನು ಕತ್ತರಿಸಿದ ದಿನ ನಿಲ್ಲುವುದು ಯಾರದೋ ಊರಿನ ರಜೆ. ಮುಂದಿನ ಸಲ ಫೋನ್ ಹಿಡಿದು ಸಂಗೀತ ಕೇಳುತ್ತಾ ಕಾಯುವಾಗ, ಆ ಕಡೆ ಕೂತವನನ್ನು ಬೈಯುವ ಮುಂಚೆ ಹನ್ನೊಂದಕ್ಕೂ ಹನ್ನೆರಡಕ್ಕೂ ಇರುವ ವ್ಯತ್ಯಾಸ ನೆನಪಿರಲಿ.