ರಿಪೋರ್ಟ್ ಹಸಿರು, ಸ್ಟೀರಿಂಗ್ ಸೊಟ್ಟ

ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದ ಕಾರು ರಸ್ತೆಯಲ್ಲಿ ನೆಟ್ಟಗೇ ಹೋಗ್ತಿದೆ, ಆದ್ರೆ ಸ್ಟೀರಿಂಗ್ ಮಾತ್ರ ಒಂದು ಕಡೆಗೆ ವಾಲಿಕೊಂಡಿದೆ ಅಂದ್ರೆ ಆ ಅಲೈನ್‌ಮೆಂಟ್ ಅರ್ಧಕ್ಕೇ ನಿಂತಿದೆ ಅಂತಲೇ ಅರ್ಥ. ಅದಕ್ಕೆ ದುಡ್ಡು ಕೊಟ್ಟು ಬರೋ ಅಗತ್ಯ ಇಲ್ಲ. ಆದ್ರೆ ನಮ್ಮಲ್ಲಿ ಬಹಳಷ್ಟು ಜನ ಕೊಟ್ಟು ಬರ್ತೀವಿ. ಯಾಕಂದ್ರೆ ಅಂಗಡಿಯವನು ಒಂದು ಪ್ರಿಂಟೌಟ್ ಕೈಗಿಟ್ಟು "ಎಲ್ಲಾ ಗ್ರೀನ್ ಇದೆ ನೋಡಿ ಸಾರ್" ಅಂದ ಕೂಡ್ಲೆ ನಮ್ಮ ಬಾಯಿ ಬಂದ್ ಆಗುತ್ತೆ. ಬಣ್ಣದ ಕಾಗದಕ್ಕೆ ನಾವು ಕೊಡೋ ಮರ್ಯಾದೆ ಅಂಥದ್ದು.

ಆ ಹಸಿರು ಬಣ್ಣ ಏನನ್ನ ಹೇಳ್ತಿದೆ, ಏನನ್ನ ಹೇಳ್ತಿಲ್ಲ ಅನ್ನೋದೇ ನನ್ನ ತಕರಾರು. ಅಲೈನ್‌ಮೆಂಟ್ ಮಷೀನ್ ಅಳೆಯೋದು ಚಕ್ರಗಳನ್ನ. ಚಕ್ರಕ್ಕೆ ಕಟ್ಟಿರೋ ಹಲಗೆಗಳನ್ನ ಕ್ಯಾಮೆರಾ ನೋಡುತ್ತೆ, ಕೋನ ಲೆಕ್ಕ ಹಾಕುತ್ತೆ. ಕಾರಿನ ಒಳಗೆ ಸ್ಟೀರಿಂಗ್ ಯಾವ ಕಡೆ ತಿರುಗಿದೆ ಅನ್ನೋದು ಅದಕ್ಕೆ ಕಾಣೋದೇ ಇಲ್ಲ! ಅದನ್ನ ನೋಡಬೇಕಾದವನು ಮನುಷ್ಯ. ನಮ್ಮ ಆಫೀಸಲ್ಲೂ ಇದೇ ಕಥೆ ಅನ್ನಿ, ಟೆಸ್ಟ್ ಎಲ್ಲಾ ಪಾಸ್, ಆದ್ರೆ ಕಸ್ಟಮರ್ ಒತ್ತೋ ಬಟನ್ನಿಗೇ ಟೆಸ್ಟ್ ಬರೆದಿರಲ್ಲ :)

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಮುಂದಿನ ಎರಡು ಚಕ್ರಗಳನ್ನ ಮೇಲಿಂದ ನೋಡಿದಾಗ ಅವುಗಳ ಮುಂಭಾಗ ಒಳಕ್ಕೆ ವಾಲಿದ್ರೆ ಟೋ ಇನ್, ಹೊರಕ್ಕೆ ವಾಲಿದ್ರೆ ಟೋ ಔಟ್. ಸ್ಟೀರಿಂಗ್ ರ್ಯಾಕ್‌ನ ಎರಡೂ ತುದಿಯಿಂದ ಒಂದೊಂದು ಟೈ ರಾಡ್ ಚಕ್ರದ ಕಡೆಗೆ ಹೋಗುತ್ತೆ. ಅದರ ಮೇಲೆ ಮರೆ ಇದೆ, ಬಿಗಿ ಹಿಡಿಯೋಕೆ ಒಂದು ಚೆಕ್ ನಟ್ ಇದೆ. ರಾಡ್ ತಿರುಗಿಸಿದ್ರೆ ಉದ್ದ ಬದಲಾಗುತ್ತೆ, ಟೋ ಬದಲಾಗುತ್ತೆ. ಎರಡೂ ಕಡೆಯ ಟೋ ಕೂಡಿಸಿದ್ರೆ ಒಟ್ಟು ಟೋ. ಟೈರು ಸವೆಯೋದು ಈ ಒಟ್ಟು ಟೋ ತಪ್ಪಿದಾಗ. ಸ್ಟೀರಿಂಗ್ ಸೊಟ್ಟ ಆಗೋದು ಒಟ್ಟು ಟೋ ಸರಿ ಇದ್ದೂ ಅದು ಎರಡು ಕಡೆಗೆ ಸಮವಾಗಿ ಹಂಚಿಕೆ ಆಗದಿದ್ದಾಗ. ಕಾರು ಓಡುವಾಗ ಎರಡು ಚಕ್ರಗಳು ತಾವೇ ರಾಜಿ ಮಾಡಿಕೊಂಡು ಸಮ ಹಂಚಿಕೊಳ್ಳುತ್ತವೆ. ಆ ರಾಜಿಗೆ ರ್ಯಾಕ್ ಸ್ವಲ್ಪ ಸರಿಯುತ್ತೆ, ರ್ಯಾಕ್ ಜೊತೆ ಸ್ಟೀರಿಂಗೂ ತಿರುಗುತ್ತೆ. ಅದಕ್ಕೇ ಕಾರು ನೆಟ್ಟಗೆ, ಸ್ಟೀರಿಂಗ್ ಸೊಟ್ಟ.

ನನ್ನ ಕಾರಿನ ಲೆಕ್ಕವನ್ನೇ ತಗೊಳ್ಳಿ. ಸಣ್ಣ ಹ್ಯಾಚ್‌ಬ್ಯಾಕ್. ಮುಂದಿನ ಎರಡೂ ಲೋವರ್ ಆರ್ಮ್ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್‌ಗೆ ಹೋದಾಗ ಸ್ಟೀರಿಂಗ್ ನೆಟ್ಟಗೇ ಇತ್ತು, ಎಡ ಬಲ ಎರಡೂ ಮೈನಸ್ 0.35 ಡಿಗ್ರಿ, ಅಂದ್ರೆ ಒಟ್ಟು 0.70 ಡಿಗ್ರಿ ಟೋ ಔಟ್. ಬೇಕಾಗಿದ್ದದ್ದು ಒಟ್ಟು ಪ್ಲಸ್ 0.10, ಅಂದ್ರೆ ಕಡೆಗೆ 0.05. ಪ್ರತಿ ಕಡೆ 0.40 ಡಿಗ್ರಿ ಬದಲಾಗಬೇಕು. ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ಆರ್ಮ್ ಸುಮಾರು 11 ಸೆಂಟಿಮೀಟರ್ ಅಂತ ಇಟ್ಟುಕೊಂಡ್ರೆ ಅಷ್ಟು ಕೋನಕ್ಕೆ ರಾಡ್ ಮುಕ್ಕಾಲು ಮಿಲಿಮೀಟರ್ ಉದ್ದ ಆಗಬೇಕು. ಮರೆಯ ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರ್. ಅಂದ್ರೆ ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು. ಇಷ್ಟೇ ಕೆಲಸ!

ಆದ್ರೆ ಬಲಗಡೆಯ ಚೆಕ್ ನಟ್ ತುಕ್ಕು ಹಿಡಿದು ಕೂತಿತ್ತು. ಹುಡುಗ ಎರಡು ಸಲ ಸ್ಪಾನರ್ ಹಾಕಿ ನೋಡಿದ, ಬರಲಿಲ್ಲ, ಬಿಟ್ಟ. ಎಡಗಡೆಯದನ್ನೇ ಪೂರ್ತಿ ಒಂದು ಸುತ್ತು ತಿರುಗಿಸಿದ. ಈಗ ಎಡ ಪ್ಲಸ್ 0.45, ಬಲ ಇನ್ನೂ ಮೈನಸ್ 0.35. ಒಟ್ಟು ಪ್ಲಸ್ 0.10, ಹಸಿರು. ಎಡ ಬಲ ಬೇರೆ ಬೇರೆಯಾಗಿ ಎರಡೂ ಕೆಂಪು. ಆಗ ಅವನು ಮಾಡಿದ್ದು ನೋಡಿ: ಕಿಟಕಿಯಿಂದ ಕೈ ಹಾಕಿ ಸ್ಟೀರಿಂಗನ್ನ ಒಂಚೂರು ಎಡಕ್ಕೆ ತಿರುಗಿಸಿದ. ಎರಡೂ ಪ್ಲಸ್ 0.05ಕ್ಕೆ ಬಂದವು, ಪರದೆ ಪೂರ್ತಿ ಹಸಿರಾಯ್ತು, ಪ್ರಿಂಟ್ ಒತ್ತಿದ. ಈ ಕಾಗದದಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಆದ್ರೂ ಇಡೀ ಕಾಗದ ಸುಳ್ಳು.

ರಸ್ತೆಗೆ ಬಂದಾಗ ಚಕ್ರಗಳು ಇದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಸ್ಟೀರಿಂಗ್ ಅನುಪಾತ ಸುಮಾರು 15 ಅಂದ್ರೆ ಚಕ್ರ 0.40 ಡಿಗ್ರಿ ತಿರುಗೋಕೆ ಸ್ಟೀರಿಂಗ್ 6 ಡಿಗ್ರಿ ತಿರುಗಬೇಕು. ಸ್ಟೀರಿಂಗ್ ಅಂಚಿನಲ್ಲಿ ಅದು ಹತ್ತಿರ ಹತ್ತಿರ ಎರಡು ಸೆಂಟಿಮೀಟರ್. ಕಣ್ಣಿಗೆ ರಾಚುತ್ತೆ. ಇದನ್ನ ಕಂಡುಹಿಡಿಯೋಕೆ ಮಷೀನ್ ಬೇಡ. ಕಾರಿನ ಕೆಳಗೆ ಬಗ್ಗಿ ಎರಡೂ ಚೆಕ್ ನಟ್ ನೋಡಿ. ಒಂದರ ಮೇಲೆ ಸ್ಪಾನರಿನ ಹೊಸ ಗುರುತು, ಹೊಳೆಯೋ ಮರೆ, ಇನ್ನೊಂದರ ಮೇಲೆ ಮುಟ್ಟದ ಧೂಳು ಇದ್ರೆ ಎಲ್ಲಾ ಗೊತ್ತಾಯ್ತಲ್ಲ. ಮತ್ತೊಂದು ಅಂಗಡಿಯಲ್ಲಿ ಆ ನಟ್ಟಿಗೆ ತುಕ್ಕು ಬಿಡಿಸೋ ಎಣ್ಣೆ ಹಾಕಿ ಕಾದು ಬಿಚ್ಚಿ, ಎಡ ಅರ್ಧ ಸುತ್ತು ಗಿಡ್ಡ, ಬಲ ಅರ್ಧ ಸುತ್ತು ಉದ್ದ ಮಾಡಿದ್ರು. ಸ್ಟೀರಿಂಗ್ ನೆಟ್ಟಗಾಯ್ತು.

ಸರಿಯಾದ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಇಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನ ಎರಡೂ ಕಡೆ ಸ್ವಲ್ಪ ಆಡಿಸಿ ಮಧ್ಯಕ್ಕೆ ತಂದು, ಸೀಟಿಗೂ ಸ್ಟೀರಿಂಗಿಗೂ ನಡುವೆ ಕೊಡೋ ಒಂದು ಕೋಲು ಇರುತ್ತೆ, ಅದನ್ನ ಹಾಕಿ ಬಿಗಿ ಮಾಡಬೇಕು. ಆಮೇಲೆ ಎಡ ಬಲ ಟೋ ಒಂದೊಂದಾಗಿ ಹಸಿರಿಗೆ ತರಬೇಕು. ನಡುವೆ ಸ್ಟೀರಿಂಗ್ ಮುಟ್ಟಬಾರದು. ಈ ಕೋಲು ಪ್ರತಿ ಅಂಗಡಿಯಲ್ಲೂ ಇದೆ, ಬಹಳ ಕಡೆ ಗೋಡೆಗೆ ಒರಗಿಕೊಂಡು ನಿಂತಿದೆ. ನೀವು ಪಕ್ಕದಲ್ಲೇ ನಿಂತು "ಅಣ್ಣ, ಸ್ಟೀರಿಂಗ್ ಲಾಕ್ ಹಾಕಿ" ಅಂದ್ರೆ ಹಾಕ್ತಾರೆ. ಕೇಳದಿದ್ರೆ ಬಹುತೇಕ ಇಲ್ಲ.

ಇನ್ನು ನನಗೆ ನಿಜವಾಗಿ ಸಿಟ್ಟು ಬರಿಸೋ ಸಲಹೆಗೆ ಬರ್ತೀನಿ. "ಸಾರ್, ಸ್ಟೀರಿಂಗ್ ಬಿಚ್ಚಿ ಒಂದು ಹಲ್ಲು ಸರಿಸಿ ಹಾಕಿಬಿಡ್ತೀನಿ, ಐದು ನಿಮಿಷ." ಇದನ್ನ ದಯವಿಟ್ಟು ಒಪ್ಪಬೇಡಿ. ಮೊದಲು ಲೆಕ್ಕ ನೋಡಿ. ಸ್ಟೀರಿಂಗ್ ಕೂರೋ ದಂಡದ ಮೇಲೆ 36 ಹಲ್ಲು ಇದ್ರೆ ಒಂದು ಹಲ್ಲಿಗೆ 10 ಡಿಗ್ರಿ. ಎಡಕ್ಕೆ 6 ಡಿಗ್ರಿ ಇದ್ದದ್ದು ಬಲಕ್ಕೆ 4 ಡಿಗ್ರಿ ಆಗುತ್ತೆ, ಅಷ್ಟೇ ಲಾಭ. ಎಷ್ಟೋ ಕಾರುಗಳಲ್ಲಿ ಒಂದು ಹಲ್ಲನ್ನ ಬೇರೆ ಅಳತೆಯಲ್ಲಿ ಕೊಟ್ಟಿರ್ತಾರೆ, ಸ್ಟೀರಿಂಗ್ ಒಂದೇ ರೀತಿ ಕೂರಲಿ ಅಂತಲೇ. ಎರಡನೇದು, ಡ್ರೈವರ್ ಏರ್‌ಬ್ಯಾಗ್ ಭಾರತದಲ್ಲಿ 2019ರ ಜುಲೈನಿಂದ ಎಲ್ಲಾ ಹೊಸ ಕಾರಿಗೂ ಕಡ್ಡಾಯ. ಅದಕ್ಕೆ ಕರೆಂಟ್ ಕೊಡೋದು ಸ್ಟೀರಿಂಗ್ ಹಿಂದೆ ಸುರುಳಿ ಸುತ್ತಿಕೊಂಡಿರೋ ಒಂದು ತೆಳ್ಳಗಿನ ಪಟ್ಟಿ. ಬಿಚ್ಚಿದಾಗ ಆ ಸುರುಳಿ ಮಧ್ಯ ತಪ್ಪಿದ್ರೆ ಒಂದು ದಿನ ಪೂರ್ತಿ ತಿರುಗಿಸುವಾಗ ಹರಿಯುತ್ತೆ, ಏರ್‌ಬ್ಯಾಗ್ ದೀಪ ಹತ್ತುತ್ತೆ, ಏರ್‌ಬ್ಯಾಗ್ ಬೇಕಾದಾಗ ಬರೋದಿಲ್ಲ. ಮೂರನೇದು, ಇಎಸ್‌ಸಿ ಇರೋ ಕಾರಿನಲ್ಲಿ ಸ್ಟೀರಿಂಗ್ ಕೋನ ಅಳೆಯೋ ಸೆನ್ಸರ್ ಇದೆ. ರ್ಯಾಕ್ ಮಧ್ಯ ಬಿಟ್ಟು ಓಡ್ತಿದ್ರೆ ಚಾಲಕ ತಿರುಗಿಸ್ತಿದಾನೆ, ಕಾರು ತಿರುಗ್ತಿಲ್ಲ ಅಂತ ಅದು ಅಂದುಕೊಳ್ಳಬಹುದು. ಕೆಲವು ಕಾರುಗಳಲ್ಲಿ ಅಲೈನ್‌ಮೆಂಟ್ ಆದ ಮೇಲೆ ಆ ಸೆನ್ಸರಿಗೆ ಸ್ಕ್ಯಾನರ್ ಹಾಕಿ ಹೊಸ ಸೊನ್ನೆ ಕಲಿಸಬೇಕು. ತಪ್ಪು ಇರೋದು ಟೈ ರಾಡಿನಲ್ಲಿ. ಬಿಚ್ಚೋದು ಸ್ಟೀರಿಂಗು. ಹಲ್ಲು ನೋವಿಗೆ ಕನ್ನಡಕ ಬದಲಾಯಿಸಿದ ಹಾಗೆ.

"ರೋಡೇ ಹಂಗಿದೆ ಸಾರ್, ಎಡಕ್ಕೆ ಇಳಿಜಾರು" ಅನ್ನೋದು ಮುಂದಿನ ಜವಾಬು. ಇದರಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಮಳೆ ನೀರು ಹರಿಯಲಿ ಅಂತ ರಸ್ತೆಗೆ ಇಳಿಜಾರು ಇರುತ್ತೆ, ಕಾರು ಆ ಕಡೆ ಜಾರುತ್ತೆ, ನಾವು ಸ್ವಲ್ಪ ಬಲಕ್ಕೆ ಹಿಡೀತೀವಿ. ಪರೀಕ್ಷೆ ಸುಲಭ. ಖಾಲಿ ಇರೋ ದೊಡ್ಡ ಮೈದಾನದಲ್ಲೋ ಪಾರ್ಕಿಂಗ್ ಜಾಗದಲ್ಲೋ ನಿಧಾನಕ್ಕೆ ಹೋಗಿ, ಅದೇ ಗೆರೆಯಲ್ಲಿ ವಾಪಸ್ ಬನ್ನಿ. ಇಳಿಜಾರಿನ ತಪ್ಪಾದ್ರೆ ವಾಪಸ್ ಬರುವಾಗ ಸೊಟ್ಟ ಇನ್ನೊಂದು ಕಡೆಗೆ ಬದಲಾಗುತ್ತೆ. ಟೋ ತಪ್ಪಾದ್ರೆ ಹೋಗುವಾಗ್ಲೂ ಎಡ, ಬರುವಾಗ್ಲೂ ಎಡ.

ಮುಂದಿನ ಚಕ್ರ ಎಲ್ಲಾ ಸರಿ ಮಾಡಿಯೂ ಸೊಟ್ಟ ಉಳಿದ್ರೆ ಹಿಂದೆ ನೋಡಿ. ಹಿಂದಿನ ಆಕ್ಸಲ್ ಸ್ವಲ್ಪ ಓರೆ ಇದ್ರೆ ಕಾರು ಅದು ತೋರಿಸಿದ ದಿಕ್ಕಿಗೇ ಹೋಗುತ್ತೆ, ಮುಂದಿನ ಚಕ್ರಗಳೂ ಅದಕ್ಕೆ ಹೊಂದಿಕೊಂಡು ಅಷ್ಟೇ ತಿರುಗಬೇಕು. 0.20 ಡಿಗ್ರಿ ಓರೆ ಸಾಕು, ಸ್ಟೀರಿಂಗ್ 3 ಡಿಗ್ರಿ ಸೊಟ್ಟ. ಬಹುತೇಕ ಸಣ್ಣ ಕಾರುಗಳಲ್ಲಿ ಹಿಂದಿನದನ್ನ ತಿರುಗಿಸಿ ಸರಿ ಮಾಡೋ ವ್ಯವಸ್ಥೆಯೇ ಇಲ್ಲ. "ಅಡ್ಜಸ್ಟ್ ಆಗಲ್ಲ, ಅದಕ್ಕೆ ಅಳೆಯಲ್ಲ" ಅಂತಾರೆ. ಅಳೆಯಲೇಬೇಕು ಸ್ವಾಮಿ! ನಾಲ್ಕೂ ಚಕ್ರಕ್ಕೆ ಹಲಗೆ ಕಟ್ಟಿದ್ರೆ ಮಷೀನ್ ಮುಂದಿನ ಟೋವನ್ನ ಹಿಂದಿನ ದಿಕ್ಕಿಗೆ ಹೋಲಿಸಿ ತೋರಿಸುತ್ತೆ, ಸ್ಟೀರಿಂಗ್ ಮಧ್ಯಕ್ಕೆ ಬರುತ್ತೆ. ಓರೆ ಜಾಸ್ತಿ ಇದ್ರೆ ಆಕ್ಸಲ್ ಬಾಗಿದೆಯೋ, ಬುಷ್ ಹೋಗಿದೆಯೋ ನೋಡಬೇಕು, ಅದು ಬೇರೆ ಕೆಲಸ.

ಇಲ್ಲಿವರೆಗೆ ಹೇಳಿದ್ದೆಲ್ಲ ಸೆಟ್ಟಿಂಗ್ ತಪ್ಪು. ಸವೆದ ಪಾರ್ಟಿನ ಲಕ್ಷಣ ಬೇರೆ. ಸೆಟ್ಟಿಂಗ್ ತಪ್ಪಾದ್ರೆ ಸೊಟ್ಟ ಯಾವತ್ತೂ ಒಂದೇ ಅಳತೆ. ಸವೆತ ಆದ್ರೆ ಅದು ಅಲೆಯುತ್ತೆ. ಎಡಕ್ಕೆ ತಿರುಗಿ ಬಂದ ಮೇಲೆ ಒಂದು ಕಡೆ ನಿಲ್ಲುತ್ತೆ, ಬಲಕ್ಕೆ ತಿರುಗಿ ಬಂದ ಮೇಲೆ ಇನ್ನೊಂದು ಕಡೆ. ಇದು ಟೈ ರಾಡ್ ಎಂಡ್, ರ್ಯಾಕ್ ಒಳಗಿನ ಬಾಲ್ ಜಾಯಿಂಟ್ ಅಥವಾ ರ್ಯಾಕ್ ಕೂರಿಸಿರೋ ಬುಷ್ ಕಡೆಗೆ ಬೆರಳು ತೋರಿಸುತ್ತೆ. ಕಾರು ನೆಲದ ಮೇಲೇ ಇರಲಿ, ಒಬ್ಬರು ಸ್ಟೀರಿಂಗನ್ನ ಎಡ ಬಲ ಒಂದೊಂದು ಇಂಚು ಆಡಿಸಲಿ, ಇನ್ನೊಬ್ಬರು ಜಾಯಿಂಟ್ ಮೇಲೆ ಕೈಯಿಟ್ಟು ನೋಡಲಿ. ಟಕ್ ಅಂತ ಬೆರಳಿಗೆ ಬಡಿದ್ರೆ ಅದೇ ಕಳ್ಳ.

ಎಕ್ಸಲರೇಟರ್ ಒತ್ತಿದಾಗ ಒಂದು ಕೋನ, ಬ್ರೇಕ್ ಹಿಡಿದಾಗ ಇನ್ನೊಂದು ಕೋನ ಆದ್ರೆ ಲೋವರ್ ಆರ್ಮ್‌ನ ಹಿಂದಿನ ಬುಷ್ ಮೇಲೆ ನನ್ನ ಅನುಮಾನ. ರಬ್ಬರ್ ಹರಿದಾಗ ಚಕ್ರವೇ ಹಿಂದೆ ಮುಂದೆ ಸರಿಯುತ್ತೆ, ಟೋ ಕ್ಷಣಕ್ಷಣಕ್ಕೆ ಬದಲಾಗುತ್ತೆ. ಇಂಥ ಕಾರಿಗೆ ಅಲೈನ್‌ಮೆಂಟ್ ಮಾಡಿದ್ರೆ ಮಷೀನ್ ಮೇಲೆ ನಿಂತಿರುವಾಗಿನ ಅಂಕಿ ಸಿಗುತ್ತೆ, ರಸ್ತೆಯ ಮೇಲಿನದಲ್ಲ. ಅದಕ್ಕೇ ಟೋ ತಿರುಗಿಸೋ ಮೊದಲು ಚಕ್ರ ಎತ್ತಿ ಅಲ್ಲಾಡಿಸಿ ನೋಡಿ ಅಂತ ಹೇಳಿ. ಎಡ ಬಲ ಅಂಚಿಗೆ ಹಿಡಿದು ಅಲ್ಲಾಡಿಸಿದಾಗ ಆಡಿದ್ರೆ ಟೈ ರಾಡ್ ಕಡೆ, ಮೇಲೆ ಕೆಳಗೆ ಹಿಡಿದಾಗ ಆಡಿದ್ರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, ಎರಡರಲ್ಲೂ ಆಡಿದ್ರೆ ಮೊದಲು ಬೇರಿಂಗನ್ನೇ ನೋಡಿ. ಆಡ್ತಿರೋ ಪಾರ್ಟ್ ಬದಲಾಯಿಸದೆ ಅಲೈನ್‌ಮೆಂಟಿಗೆ ಬಿಲ್ ಹಾಕಿದ್ರೆ ಆ ಬಿಲ್ ಕೊಡಬೇಡಿ.

ಒಂದು ಮಾತು ಬಿಟ್ಟಿದ್ದೆ. ಸ್ಟೀರಿಂಗ್ ನೆಟ್ಟಗಿದ್ದೂ, ಸಮತಟ್ಟು ಜಾಗದಲ್ಲೂ ಕಾರೇ ಒಂದು ಕಡೆ ಎಳೀತಿದ್ರೆ ಅದು ಈ ರೋಗ ಅಲ್ಲ. ಗಾಳಿ ನೋಡಿ, ಮುಂದಿನ ಎರಡು ಟೈರ್ ಅದಲು ಬದಲು ಮಾಡಿ. ಎಳೆತ ಕಡೆ ಬದಲಾಯಿಸಿದ್ರೆ ತಪ್ಪು ಟೈರಿನದು. ಅದೇ ಕಡೆ ಉಳಿದ್ರೆ ಬ್ರೇಕ್ ಹಿಡಿದುಕೊಂಡಿದೆಯಾ ಅಂತ ರಿಮ್ ಹತ್ತಿರ ಕೈ ಒಯ್ದು ಬಿಸಿ ನೋಡಿ. ಹತ್ತಿರ ಮಾತ್ರ, ಮುಟ್ಟಿದ್ರೆ ಸುಡುತ್ತೆ.