ಅಜ್ಜನ ಕಥೆ ಚಿಕ್ಕದಾಗಲಿ, ಮಗ್ಗದ ಲೆಕ್ಕ ಮುಂದೆ ಬರಲಿ

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯಿಸುವ ಅಣ್ಣನೊಬ್ಬರು ಸಣ್ಣ ಉದ್ಯಮದ ಪ್ರಶಸ್ತಿಗೆ ಬರೆದ ಅರ್ಜಿಯನ್ನು ನಮಗೆ ತೋರಿಸಿದರು. ಕೇಳಿದ್ದು 300 ಪದ, ಬರೆದದ್ದು ನಾಲ್ಕು ಪುಟ. ಅಜ್ಜನ ಕಾಲದ ಮಗ್ಗ, ಸೀರೆಗೆ ಬಂದ ಜಿಐ ಟ್ಯಾಗ್, ಕೊರೊನಾದ ಕಷ್ಟ, ಫೇಸ್‌ಬುಕ್ ಪುಟ, ಶಾಲೆಗೆ ಕೊಟ್ಟ ಬೆಂಚು, ಎಲ್ಲವೂ ಅದರಲ್ಲಿತ್ತು. ಓದಿ ಮುಗಿಸಿದರೆ ಅವರು ಮಾಡಿದ್ದೇನು ಅಂತ ಹೇಳಲು ನಮಗೇ ಆಗಲಿಲ್ಲ.

ಜಿಐ ಟ್ಯಾಗ್ ಹೆಮ್ಮೆಯದೇ. ಆದರೆ ಅದು ಇಡೀ ಮೊಳಕಾಲ್ಮೂರು ಸೀರೆಗೆ ಸಿಕ್ಕಿದ್ದು, ಅವರೊಬ್ಬರ ಸಾಧನೆಯಲ್ಲ. ಅದಕ್ಕೆ ಒಂದು ಸಾಲು ಸಾಕು.

"ನೀವು ಬದಲಾಯಿಸಿದ ಒಂದು ಸಂಗತಿ ಯಾವುದು?" ಎಂದು ಕೇಳಿದೆವು. ಸ್ವಲ್ಪ ಯೋಚಿಸಿ ಹೇಳಿದರು: "ಸೀರೆ ಮಾರಾಟ ಆಗೋವರೆಗೂ ಕಾಯಿಸಲ್ಲ. ಮಗ್ಗದಿಂದ ಇಳಿಸಿದ ದಿನವೇ ಕೂಲಿ ಕೊಡ್ತೀನಿ. ಅದಕ್ಕೇ ಚಳ್ಳಕೆರೆ ಎಣ್ಣೆ ಮಿಲ್ಲಿಗೆ, ಬೆಂಗಳೂರಿಗೆ ಹೋಗಿದ್ದ ಐದು ಮನೆಯವರು ವಾಪಸ್ ಬಂದರು." ನಾಲ್ಕು ಪುಟದಲ್ಲಿ ಈ ಮಾತೇ ಇರಲಿಲ್ಲ! ಅದನ್ನೇ ಎಳೆಯಾಗಿ ಹಿಡಿದೆವು. ಅದಕ್ಕೆ ಸೇರದ ಬೆಂಚು, ಫೇಸ್‌ಬುಕ್ ಎರಡನ್ನೂ ಕೈಬಿಟ್ಟೆವು.

ಆಮೇಲೆ ಕೂಲಿ ಪುಸ್ತಕ ತೆಗೆಸಿದೆವು. 2021-22ರಲ್ಲಿ 4 ಮಗ್ಗ, 84 ಸೀರೆ, ಸೀರೆಗೆ 2,500 ರೂಪಾಯಿ ಕೂಲಿ. 2024-25ರಲ್ಲಿ 9 ಮಗ್ಗ, 216 ಸೀರೆ, ಕೂಲಿ 3,200. ಅವರು ಬರೆದಿದ್ದು "ಉತ್ಪಾದನೆ ಶೇ 157 ಹೆಚ್ಚಳ" ಎಂದು. ಲೆಕ್ಕ ಸುಳ್ಳಲ್ಲ. ಆದರೆ ಮಗ್ಗಕ್ಕೆ ಭಾಗಿಸಿದರೆ 21 ಸೀರೆ ಇದ್ದದ್ದು 24 ಆಗಿದೆ, ಅಷ್ಟೆ. ತೀರ್ಪುಗಾರರು ಇದನ್ನು ತಾವೇ ಭಾಗಿಸಿ ನೋಡಿದರೆ ಉಳಿದ ಮಾತನ್ನೂ ನಂಬುವುದಿಲ್ಲ. ನಿಜವಾಗಿ ಹೆಚ್ಚಿದ್ದು ಮಗ್ಗ ಮತ್ತು ಕೂಲಿ. ಒಂದು ಮಗ್ಗದ ವರ್ಷದ ಕೂಲಿ 52,500ರಿಂದ 76,800 ರೂಪಾಯಿಗೆ ಏರಿದೆ. ಶೇಕಡಾ ಬಿಟ್ಟು ಇದನ್ನೇ ಬರೆಸಿದೆವು, ಎರಡೂ ವರ್ಷ ನಮೂದಿಸಿ.

ಕೊನೆಗೆ ಉಳಿದ ಸಾಲುಗಳು ಹೀಗಿದ್ದವು: "ಕೂಲಿ ತಡವಾಗುತ್ತದೆಂದು ನೇಕಾರರು ಮಗ್ಗ ಬಿಡುತ್ತಿದ್ದರು. 2022ರಿಂದ ಸೀರೆ ಇಳಿಸಿದ ದಿನವೇ ಕೂಲಿ ಕೊಡುತ್ತಿದ್ದೇವೆ. ಐದು ಕುಟುಂಬಗಳು ಮರಳಿವೆ, 4 ಮಗ್ಗ 9 ಆಗಿವೆ." ಕೆಳಗೆ ಕೂಲಿಯ ಲೆಕ್ಕ, ಜೊತೆಗೆ ಕೂಲಿ ಪುಸ್ತಕದ ಎರಡು ಪುಟಗಳ ಫೋಟೊ.

"ಅಜ್ಜನ್ನ ತೆಗೆದುಬಿಟ್ರಲ್ಲಾ" ಎಂದು ಅಣ್ಣ ಬೇಜಾರು ಮಾಡಿಕೊಂಡರು. ಬೇಜಾರು ನ್ಯಾಯವೇ. ಆದರೆ ಅಜ್ಜ ಮಗ್ಗ ಹಾಕಿದ್ದನ್ನು ಅಳೆಯಲು ತೀರ್ಪುಗಾರರ ಬಳಿ ಅಳತೆಗೋಲಿಲ್ಲ, ಮೊಮ್ಮಗ ಕೊಟ್ಟ ಕೂಲಿಗೆ ಇದೆ. ಅಜ್ಜನಿಗೆ ಮೊದಲ ಸಾಲಿನಲ್ಲಿ ನಾಲ್ಕು ಪದ ಕೊಟ್ಟೆವು: "ಅಜ್ಜನ ಕಾಲದ ಮಗ್ಗದ ಮನೆ".

ಪ್ರಶಸ್ತಿ ಬರುತ್ತದೋ ಇಲ್ಲವೋ, ನಮ್ಮ ಅಭಿಪ್ರಾಯ ಇಷ್ಟೇ. ಅರ್ಜಿ ಬರೆಯುವ ಮುಂಚೆ ಪೆನ್ನು ಹಿಡಿಯಬೇಡಿ, ಲೆಕ್ಕದ ಪುಸ್ತಕ ಬಿಚ್ಚಿ. ಅದರಲ್ಲಿ ಇಲ್ಲದ್ದು ಅರ್ಜಿಯಲ್ಲೂ ಬೇಡ.